ಕೋಡ್ ಅಳಿಸುವ ಮುಂಚೆ ಏನು ಓದಬೇಕು: ಸ್ಕ್ಯಾನರಿನ ಮೂರು ಪಟ್ಟಿ ಮತ್ತು ಒಂದು ಫ್ರೀಜ್ ಫ್ರೇಮ್

ಸಕಲೇಶಪುರದ ಕಡೆಯ ತೋಟದವರೊಬ್ಬರು ತಮ್ಮ ಪೆಟ್ರೋಲ್ ಕಾರನ್ನು ಹಾಸನದ ನಮ್ಮ ಗ್ಯಾರೇಜಿಗೆ ತಂದರು. "ಶಿರಾಡಿ ಹತ್ತುವಾಗ ಗಾಡಿ ಎಳೆಯೋದೇ ಇಲ್ಲ. ಊರಲ್ಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ಇಂಜಿನ್ ಲೈಟ್ ಬಂದಿತ್ತು" ಅಂದರು. ಈಗ ಲೈಟ್ ಇರಲಿಲ್ಲ. ಸ್ಕ್ಯಾನರ್ ಹಾಕಿದರೆ ಒಂದೂ ಕೋಡ್ ಇಲ್ಲ. ಕೇಳಿದಾಗ ಗೊತ್ತಾಯಿತು, ಬರುವ ದಾರಿಯಲ್ಲಿ ಇನ್ನೊಂದು ಕಡೆ ತೋರಿಸಿದ್ದರು. ಅಲ್ಲಿ ಕೋಡ್ ಅಳಿಸಿ ಕಳಿಸಿದ್ದರು. ಯಾವ ಕೋಡ್ ಇತ್ತು ಅಂತ ಯಾರೂ ಬರೆದಿಟ್ಟಿರಲಿಲ್ಲ.

ನಮ್ಮಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಕೇಳಿದ: "ಅಣ್ಣ, ಕೋಡ್ ಇಲ್ಲ ಅಂದ್ರೆ ಗಾಡಿ ಸರಿ ಇದೆ ಅಂತ ಅಲ್ವಾ?" ಅಲ್ಲ. ಯಾಕೆ ಅಲ್ಲ ಅಂತ ಅವನಿಗೆ ಆ ಒಂದೇ ಕಾರಿನ ಮೇಲೆ ತೋರಿಸಿಕೊಟ್ಟೆ. ಅದಕ್ಕೆ ಸುಮಾರು ಒಂದು ತಿಂಗಳು ಹಿಡಿಯಿತು. ಈಗಷ್ಟೇ ಸ್ಕ್ಯಾನರ್ ಹಿಡಿದಿರುವ ನಿಮಗೂ ಅದೇ ಕಾರಿನ ಮೂಲಕ ಹೇಳುತ್ತೇನೆ.

ಮೊದಲು ನೋಡಬೇಕಾದ್ದು: ಯಾರಾದರೂ ಅಳಿಸಿದ್ದಾರಾ?

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಕಾರಿನ ಕಂಪನಿಯ ಮೆನುಗೆ ಹೋಗುವ ಮುಂಚೆ ಎಲ್ಲ ಕಾರಿಗೂ ಒಂದೇ ಆಗಿರುವ `OBD2` ಮೆನು ತೆರೆಯಿರಿ. ನಾನು ಇಲ್ಲಿ ಹೇಳುವುದೆಲ್ಲ ಆ ಮೆನುವಿನ ಮಾತು.

ಲೈವ್ ಡೇಟಾದಲ್ಲಿ ಎರಡು ಸಾಲು ಹುಡುಕಿ. ಕೋಡ್ ಅಳಿಸಿದ ಮೇಲೆ ಓಡಿದ ಕಿಲೋಮೀಟರ್ ಒಂದು. ಅಳಿಸಿದ ಮೇಲೆ ಇಂಜಿನ್ ಎಷ್ಟು ಸಲ ಬಿಸಿಯಾಯಿತು ಅನ್ನುವುದು ಇನ್ನೊಂದು. ಸ್ಕ್ಯಾನರಿನಲ್ಲಿ ಇವು ಹೆಚ್ಚಾಗಿ `CLR_DIST` ಮತ್ತು `WARM_UPS` ಅಂತ ಇರುತ್ತವೆ. ತೋಟದವರ ಕಾರಿನಲ್ಲಿ ಮೊದಲನೆಯದು 14 ಕಿಲೋಮೀಟರ್, ಎರಡನೆಯದು 0. ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಎಂಗೆ ಹೆಚ್ಚಿನ ಪರೀಕ್ಷೆಗಳನ್ನು ಮುಗಿಸಲು ಇನ್ನೂ ಸಮಯ ಸಿಕ್ಕಿಲ್ಲ. ಖಾಲಿ ಪಟ್ಟಿ ನೋಡಿ ಏನೂ ಹೇಳುವ ಹಾಗಿಲ್ಲ.

ಅವತ್ತು ನಾನು ಯಾವ ಪಾರ್ಟನ್ನೂ ಬಿಚ್ಚಲಿಲ್ಲ. "ಸರ್, ಎಂದಿನಂತೆ ಓಡಿಸಿ. ಲೈಟ್ ಬಂದರೆ ಯಾರ ಹತ್ತಿರವೂ ಅಳಿಸಬೇಡಿ, ಬ್ಯಾಟರಿ ತಂತಿಯನ್ನೂ ಬಿಚ್ಚಿಸಬೇಡಿ. ಲೈಟ್ ಮಿಣುಕಿದರೆ ಮಾತ್ರ ಹಾಗೇ ಓಡಿಸಬೇಡಿ, ನಿಲ್ಲಿಸಿ ಫೋನ್ ಮಾಡಿ" ಅಂತ ಹೇಳಿ ಕಳಿಸಿದೆ. ಮಿಣುಕುವ ಲೈಟ್ ಅಂದರೆ ಜೋರಾದ ಮಿಸ್‌ಫೈರ್. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ಅಲ್ಲಿ ಕಾಯುವ ಮಾತಿಲ್ಲ.

ಪೆಂಡಿಂಗ್: ಒಂದು ಸಲ ಕಂಡದ್ದು

ಒಂಬತ್ತು ದಿನದ ನಂತರ ಅವರು ಸಂತೆಗೆ ಬಂದಾಗ ಕಾರು ತಂದರು. ಲೈಟ್ ಇಲ್ಲ. `Stored Codes` ಖಾಲಿ. `Pending Codes` ತೆರೆದರೆ `P0171` ಇತ್ತು.

`P0171` ಅಂದರೆ ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ. ಇದು ದೂರು ಮಾತ್ರ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ.

ಪೆಂಡಿಂಗ್ ಅಂದರೇನು? ಇಸಿಎಂ ಒಳಗೆ ಪ್ರತಿಯೊಂದು ವ್ಯವಸ್ಥೆಗೂ ಒಂದು ಪರೀಕ್ಷೆ ಇರುತ್ತದೆ. ಇದಕ್ಕೆ ಮಾನಿಟರ್ ಅನ್ನುತ್ತಾರೆ. ಒಂದು ಓಟದಲ್ಲಿ ಆ ಪರೀಕ್ಷೆ ಫೇಲಾದರೆ ಇಸಿಎಂ ಕೂಡಲೇ ಲೈಟ್ ಹಾಕುವುದಿಲ್ಲ. ಕೋಡನ್ನು ಪೆಂಡಿಂಗ್ ಪಟ್ಟಿಯಲ್ಲಿ ಬರೆದುಕೊಂಡು ಸುಮ್ಮನಿರುತ್ತದೆ. ಇಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಓಡಿಸಿದಾಗ ಅದೇ ಪರೀಕ್ಷೆ ಮತ್ತೆ ಫೇಲಾದರೆ ಲೈಟ್ ಹತ್ತುತ್ತದೆ, ಕೋಡ್ ಸ್ಟೋರ್ಡ್ ಪಟ್ಟಿಗೆ ಬರುತ್ತದೆ. ಎರಡನೇ ಸಲ ಪರೀಕ್ಷೆ ನಡೆದು ಪಾಸಾದರೆ ಪೆಂಡಿಂಗ್ ತಾನಾಗಿ ಹೋಗುತ್ತದೆ. ಹೆಚ್ಚಿನ ಕೋಡುಗಳಿಗೆ ಹೀಗೆ ಎರಡು ಓಟದ ಲೆಕ್ಕ. ಕೆಲವು ಕಾರುಗಳಲ್ಲಿ ತಂತಿ ಕಡಿದಂಥ ನೇರ ದೋಷಕ್ಕೆ ಮೊದಲ ಸಲವೇ ಲೈಟ್ ಬರುವುದೂ ಉಂಟು.

ಇಲ್ಲಿ "ಪರೀಕ್ಷೆ ನಡೆದು" ಅನ್ನುವ ಮಾತು ಮುಖ್ಯ. ತೋಟದವರು ಆ ಒಂಬತ್ತು ದಿನ ಬಾಳ್ಳುಪೇಟೆ, ಆಲೂರು, ಹಾಸನ ಅಂತ ದಿನಾ ಓಡಾಡಿದ್ದರು. ಆದರೂ ಪೆಂಡಿಂಗ್ ಹೋಗಿರಲಿಲ್ಲ. ಯಾಕೆ? ಲೀನ್ ಕೋಡ್ ಮತ್ತು ಮಿಸ್‌ಫೈರ್ ಕೋಡುಗಳಿಗೆ ಒಂದು ವಿಶೇಷ ನಿಯಮ ಇದೆ. ಕ್ಯಾಲಿಫೋರ್ನಿಯಾದ ಒಬಿಡಿ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ದೋಷ ಕಂಡಾಗ ಇಂಜಿನ್ ಯಾವ ಸ್ಥಿತಿಯಲ್ಲಿತ್ತೋ ಅದೇ ಥರದ ಸ್ಥಿತಿಯಲ್ಲಿ ಪಾಸಾಗಿ ತೋರಿಸಬೇಕು. ಅದೇ ಥರ ಅಂದರೆ ಆರ್‌ಪಿಎಂ 375ರ ಒಳಗಿನ ಹೆಚ್ಚು ಕಡಿಮೆ, ಲೋಡ್ ಶೇಕಡಾ 20ರ ಒಳಗೆ, ಮತ್ತು ಇಂಜಿನ್ ಆಗ ಬಿಸಿ ಇದ್ದರೆ ಈಗಲೂ ಬಿಸಿ. ಘಾಟಿ ಏರುವಾಗ ಬಂದ ದೋಷಕ್ಕೆ ಆಲೂರಿನ ಸಮತಟ್ಟು ರಸ್ತೆಯ ಓಟ ಲೆಕ್ಕಕ್ಕೆ ಬರಲಿಲ್ಲ.

"ನಡುವೆ ಘಾಟಿ ಕಡೆ ಹೋಗಿದ್ರಾ ಸರ್?" ಅಂತ ಕೇಳಿದೆ. "ಒಂದೇ ಸಲ, ಮಂಗಳೂರಿಗೆ ಹೋಗಿ ಬಂದೆ" ಅಂದರು. ಲೆಕ್ಕ ಹೊಂದಿತು. ಅಳಿಸಿದ ಮೇಲೆ ಒಂದೇ ಸಲ ಘಾಟಿ ಹತ್ತಿದ್ದಾರೆ, ಅದಕ್ಕೆ ಕೋಡ್ ಪೆಂಡಿಂಗ್‌ನಲ್ಲೇ ನಿಂತಿದೆ.

ಪೆಂಡಿಂಗ್ ಕೋಡ್ ನೋಡಿ ಪಾರ್ಟ್ ತರಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಗಿರಾಕಿಯ ಮಾತಿಗೂ ಪೆಂಡಿಂಗ್ ಕೋಡಿಗೂ ತಾಳೆಯಾದರೆ ಅದು ದೊಡ್ಡ ಸುಳಿವು. ಬರೆದಿಟ್ಟುಕೊಳ್ಳಬೇಕು. ದೋಷ ಬಂದ ಕ್ಷಣದ ರೀಡಿಂಗುಗಳನ್ನು ಇಸಿಎಂ ಉಳಿಸಿಡುವ ಫ್ರೀಜ್ ಫ್ರೇಮ್ ಕೂಡ ತೆರೆದು ನೋಡಿದೆವು, ಖಾಲಿ ಇತ್ತು. ಕೆಲವು ಕಾರುಗಳು ಪೆಂಡಿಂಗ್ ಆದಾಗಲೇ ಫ್ರೀಜ್ ಫ್ರೇಮ್ ಉಳಿಸುತ್ತವೆ. ಈ ಕಾರು ಲೈಟ್ ಬಂದ ಮೇಲೆ ಮಾತ್ರ ತೋರಿಸುವ ಜಾತಿಯದು. ಅವರಿಗೆ ಇನ್ನೊಮ್ಮೆ ಮಂಗಳೂರಿಗೆ ಹೋಗುವ ಕೆಲಸ ಇತ್ತು. ಹೋಗಿ ಬನ್ನಿ ಅಂದೆ.

ಸ್ಟೋರ್ಡ್: ಲೈಟ್ ಹಾಕಿದ ಕೋಡ್

ಮುಂದಿನ ವಾರ ಲೈಟ್ ಹತ್ತಿಕೊಂಡೇ ಬಂದರು. ಮಾರನಹಳ್ಳಿ ತಲುಪುವ ಮುಂಚೆ ಬಂತು ಅಂದರು. ಈಗ `P0171` ಸ್ಟೋರ್ಡ್ ಪಟ್ಟಿಯಲ್ಲಿತ್ತು. ಕೆಲವು ಸ್ಕ್ಯಾನರ್ ಇದನ್ನೇ `Confirmed` ಅಥವಾ `Current` ಅಂತ ತೋರಿಸುತ್ತವೆ.

ಸ್ಟೋರ್ಡ್ ಅಂದ ತಕ್ಷಣ ದೋಷ ಈ ನಿಮಿಷದಲ್ಲಿ ಇದೆ ಅಂತ ಅರ್ಥವಲ್ಲ. ನಮ್ಮ ಅಂಗಳದಲ್ಲಿ ನಿಂತ ಆ ಕಾರು ಹೂವಿನ ಹಾಗೆ ಐಡಲ್ ಆಗುತ್ತಿತ್ತು. ದೋಷ ಹೋದರೂ ಪರೀಕ್ಷೆ ಸತತ ಮೂರು ಓಟದಲ್ಲಿ ಪಾಸಾಗುವ ತನಕ ಲೈಟ್ ಆರುವುದಿಲ್ಲ. ಲೈಟ್ ಆರಿದರೂ ಕೋಡ್ ಕೂಡಲೇ ಅಳಿಯುವುದಿಲ್ಲ. ಅದೇ ದೋಷ ಮತ್ತೆ ಬಾರದೆ ಇಂಜಿನ್ 40 ಸಲ ಬಿಸಿಯಾದ ಮೇಲೆ ತಾನಾಗಿ ಹೋಗುತ್ತದೆ. ಒಂದು ಸಲ ಬಿಸಿಯಾಗುವುದು ಅಂದರೆ ಸ್ಟಾರ್ಟ್ ಮಾಡಿದಾಗ ಇದ್ದುದಕ್ಕಿಂತ ಕೂಲಂಟ್ ಕನಿಷ್ಠ 22 ಡಿಗ್ರಿ ಏರಿ 70 ಡಿಗ್ರಿ ಮುಟ್ಟಬೇಕು. ಹಾಗಾಗಿ ಲೈಟ್ ಇಲ್ಲದ ಕಾರಿನಲ್ಲೂ ಸ್ಟೋರ್ಡ್ ಕೋಡ್ ಸಿಗಬಹುದು. ಅದು ಹಳೆಯ ದೋಷದ ಗುರುತು.

ಕೋಡ್ ಕಂಡ ಕೂಡಲೇ ಹುಡುಗನ ಬೆರಳು `Erase Codes` ಕಡೆ ಹೋಯಿತು. ಕೈ ಹಿಡಿದು ನಿಲ್ಲಿಸಿದೆ. ಆ ಒಂದು ಬಟನ್ ಒತ್ತಿದರೆ ಸ್ಟೋರ್ಡ್ ಹೋಗುತ್ತದೆ, ಪೆಂಡಿಂಗ್ ಹೋಗುತ್ತದೆ, ಫ್ರೀಜ್ ಫ್ರೇಮ್ ಹೋಗುತ್ತದೆ, ಯಾವ ಮಾನಿಟರ್ ಪರೀಕ್ಷೆ ಮುಗಿಸಿದೆ ಅನ್ನುವ ರೆಡಿನೆಸ್ ಲೆಕ್ಕವೂ ಸೊನ್ನೆಯಾಗುತ್ತದೆ. ಬಹಳ ಕಾರುಗಳಲ್ಲಿ ಇಸಿಎಂ ಕಲಿತಿಟ್ಟುಕೊಂಡ ಟ್ರಿಮ್, ಅಂದರೆ ಪೆಟ್ರೋಲ್ ಲೆಕ್ಕದ ತಿದ್ದುಪಡಿ ಕೂಡ ಸೊನ್ನೆಗೆ ಬರುತ್ತದೆ. ಬ್ಯಾಟರಿ ತಂತಿ ಬಿಚ್ಚಿದರೂ ಹೆಚ್ಚುಕಡಿಮೆ ಇದೇ ಕಥೆ. ಕಳೆದದ್ದನ್ನು ವಾಪಸ್ ತರುವ ಬಟನ್ ಇಲ್ಲ. ಮೊದಲ ದಿನ ನಮಗೆ ಆದದ್ದು ಇದೇ.

ಆದ್ದರಿಂದ ಮೊದಲು ಫೋನಿನಲ್ಲಿ ಪ್ರತಿ ಸ್ಕ್ರೀನಿನ ಫೋಟೋ ತೆಗೆಯಿರಿ: ಸ್ಟೋರ್ಡ್, ಪೆಂಡಿಂಗ್, ಪರ್ಮನೆಂಟ್, ಫ್ರೀಜ್ ಫ್ರೇಮಿನ ಎಲ್ಲ ಪುಟಗಳು, ರೆಡಿನೆಸ್. ಜಾಬ್ ಕಾರ್ಡಿನಲ್ಲಿ ಕೋಡ್, ತಾರೀಕು, ಓಡಿದ ಕಿಲೋಮೀಟರ್ ಬರೆಯಿರಿ. ಎರಡು ನಿಮಿಷದ ಕೆಲಸ.

ಫ್ರೀಜ್ ಫ್ರೇಮ್ ಓದುವುದು

ಇಸಿಎಂ ದೋಷವನ್ನು ಬರೆದುಕೊಳ್ಳುವ ಆ ಕ್ಷಣದಲ್ಲಿ ಇಂಜಿನ್ ಏನು ಮಾಡುತ್ತಿತ್ತು ಅನ್ನುವುದರ ಒಂದು ಫೋಟೋ ಇದು. ವಿಡಿಯೋ ಅಲ್ಲ, ಒಂದೇ ಫೋಟೋ. ತೋಟದವರ ಕಾರಿನದು ಹೀಗಿತ್ತು:

```
DTCFRZF    P0171
FUELSYS1   CL
LOAD_PCT   81.2 %
ECT        92 °C
SHRTFT1    10.2 %
LONGFT1    18.0 %
MAP        84 kPa
RPM        3125
VSS        44 km/h
```

ಮೊದಲ ಸಾಲು ಬಿಡಬೇಡಿ. ಈ ಫೋಟೋ ಯಾವ ಕೋಡಿನದು ಅಂತ ಅದು ಹೇಳುತ್ತದೆ. `OBD2` ಮೆನುವಿನಲ್ಲಿ ಸಾಮಾನ್ಯವಾಗಿ ಒಂದೇ ಫ್ರೇಮ್ ಇರುತ್ತದೆ. ಕಾರಿನಲ್ಲಿ ಮೂರು ಕೋಡ್ ಇದ್ದರೂ ಫೋಟೋ ಒಂದೇ ಕೋಡಿನದು. ಜೊತೆಗೆ ಮಿಸ್‌ಫೈರ್ ಮತ್ತು ಮಿಶ್ರಣದ ಕೋಡುಗಳಿಗೆ ಮೇಲ್ಗೈ ಇದೆ. ಬೇರೆ ಕೋಡಿನ ಫೋಟೋ ಮೊದಲೇ ಇದ್ದರೆ ಅದನ್ನು ತೆಗೆದು ಇವು ಕೂರುತ್ತವೆ. ಒಂದು ಕೋಡಿನ ಫೋಟೋ ನೋಡಿ ಇನ್ನೊಂದು ಕೋಡಿನ ಕಾರಣ ಹುಡುಕಿದರೆ ದಿನವಿಡೀ ಹುಡುಕುತ್ತಿರುತ್ತೀರಿ.

ಈಗ ಉಳಿದ ಸಾಲುಗಳನ್ನು ಒಂದು ಕಥೆಯಾಗಿ ಓದಿ. ವೇಗ 44, ಆರ್‌ಪಿಎಂ 3125. ಸಣ್ಣ ಕಾರಿನಲ್ಲಿ ಇದು ಎರಡನೇ ಗೇರ್. ಲೋಡ್ ಶೇಕಡಾ 81. ಅಂದರೆ ಏರು ಹತ್ತುತ್ತಿದೆ, ಕಾಲು ಚೆನ್ನಾಗಿಯೇ ಒತ್ತಿದ್ದಾರೆ. ಕೂಲಂಟ್ 92, ಇಂಜಿನ್ ಪೂರ್ತಿ ಬಿಸಿ, ಹೀಟ್ ಆಗಿಲ್ಲ. ಗುಂಡ್ಯದಿಂದ ಮೇಲೆ ಬರುವ ತಿರುವುಗಳು ಕಣ್ಣಿಗೆ ಕಟ್ಟುತ್ತವೆ, ಅಲ್ವಾ?

`FUELSYS1 CL` ಅಂದರೆ ಕ್ಲೋಸ್ಡ್ ಲೂಪ್. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಇಸಿಎಂ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ. ಇಲ್ಲಿ `OL` ಅಂತ ಇದ್ದಿದ್ದರೆ ಆ ಕ್ಷಣದ ಶಾರ್ಟ್ ಟ್ರಿಮ್ ನಂಬುವ ಹಾಗಿರಲಿಲ್ಲ.

ಟ್ರಿಮ್ ಸಾಲುಗಳಲ್ಲೇ ತಿರುಳಿದೆ. ಪ್ಲಸ್ ಅಂದರೆ ಇಸಿಎಂ ತನ್ನ ಲೆಕ್ಕಕ್ಕಿಂತ ಜಾಸ್ತಿ ಪೆಟ್ರೋಲ್ ಹಾಕುತ್ತಿದೆ. ಶಾರ್ಟ್ ಅಂದರೆ ಈ ಕ್ಷಣದ ತಿದ್ದುಪಡಿ, ಲಾಂಗ್ ಅಂದರೆ ಕಲಿತು ಇಟ್ಟುಕೊಂಡ ತಿದ್ದುಪಡಿ. ಎರಡನ್ನೂ ಕೂಡಿಸಿ. 10 ಮತ್ತು 18, ಒಟ್ಟು 28. ಲೆಕ್ಕಕ್ಕಿಂತ ಕಾಲುಭಾಗಕ್ಕೂ ಜಾಸ್ತಿ ಇಂಜೆಕ್ಟರ್ ತೆರೆದರೂ ಸಾಕಾಗುತ್ತಿಲ್ಲ. ಎರಡೂ ಸೇರಿ 10ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಫೋಟೋ ಮತ್ತು ಈಗಿನ ಇಂಜಿನ್, ಪಕ್ಕಪಕ್ಕ

ಫ್ರೀಜ್ ಫ್ರೇಮ್ ಒಂದನ್ನೇ ಓದಿದರೆ ಅರ್ಧ ಕೆಲಸ. ಇಂಜಿನ್ ಬಿಸಿ ಮಾಡಿ ಲೈವ್ ಡೇಟಾದಲ್ಲಿ ಅದೇ ಟ್ರಿಮ್ ನೋಡಿ. ನಮಗೆ ಐಡಲ್‌ನಲ್ಲಿ ಶಾರ್ಟ್ 1.6, ಲಾಂಗ್ 3.1 ಸಿಕ್ಕಿತು. ನಿಂತಲ್ಲೇ 2500 ಆರ್‌ಪಿಎಂ ಹಿಡಿದಾಗ ಲಾಂಗ್ 4.7. ಎಲ್ಲವೂ ಆರೋಗ್ಯದ ರೀಡಿಂಗ್.

ಹಾಗಾದರೆ ಲೋಡ್ ಬಿದ್ದಾಗ ಮಾತ್ರ ಪೆಟ್ರೋಲ್ ಸಾಲುತ್ತಿಲ್ಲ. ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಕಸ ಕಟ್ಟಿದೆ ಅಂದುಕೊಳ್ಳಿ. ಒಂದು ನಲ್ಲಿ ಸ್ವಲ್ಪ ತೆರೆದರೆ ನೀರು ಚೆನ್ನಾಗಿಯೇ ಬರುತ್ತದೆ. ಮೂರು ನಲ್ಲಿ ಒಟ್ಟಿಗೆ ತೆರೆದರೆ ದಾರದ ಹಾಗೆ ಬರುತ್ತದೆ. ಐಡಲ್ ಅಂದರೆ ಒಂದು ನಲ್ಲಿ, ಘಾಟಿ ಅಂದರೆ ಮೂರು ನಲ್ಲಿ. ಅನುಮಾನ ಪೆಟ್ರೋಲ್ ಬರುವ ದಾರಿಯ ಮೇಲೆ ಹೋಗಬೇಕು: ಫ್ಯೂಯಲ್ ಪಂಪ್, ಅದರ ತಂತಿ, ಜರಡಿ, ಫಿಲ್ಟರ್.

ಇದೇ ಕೋಡ್ ತಿರುಗುಮುರುಗಾಗಿಯೂ ಬರುತ್ತದೆ. ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಿನಲ್ಲಿ, ಆ ಸೆನ್ಸರ್ ದಾಟಿದ ಮೇಲೆ ಹೋಸ್ ಒಡೆದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಐಡಲ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿಸಿದರೆ ಆ ಪಾಲು ಸಣ್ಣದಾಗುತ್ತದೆ. ಅಂಥ ಕಾರಿನ ಫ್ರೀಜ್ ಫ್ರೇಮಿನಲ್ಲಿ ವೇಗ 0, ಆರ್‌ಪಿಎಂ 800 ಆಸುಪಾಸು, ಟ್ರಿಮ್ ಮೇಲೆ ಇರುತ್ತದೆ. ಲೈವ್‌ನಲ್ಲಿ 2500ಕ್ಕೆ ಏರಿಸಿದರೆ ಟ್ರಿಮ್ ಇಳಿಯುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಎಂಎಎಫ್ ಇಲ್ಲ, ಎಂಎಪಿ ಸೆನ್ಸರ್ ಮಾತ್ರ. ಅದು ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದರಿಂದ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಅಲ್ಲಿ ಹೋಸ್ ಒಡೆದರೆ ಲೀನ್ ಕೋಡಿಗಿಂತ ಐಡಲ್ ಏರಿರುವುದೇ ಹೆಚ್ಚಾಗಿ ಕಾಣುತ್ತದೆ. ನಿಮ್ಮ ಮುಂದಿರುವ ಕಾರು ಯಾವುದು ಅಂತ ಮೊದಲು ನೋಡಿಕೊಳ್ಳಿ. ಸ್ಕ್ಯಾನರಿನಲ್ಲಿ `MAF` ಸಾಲು ಇದೆಯಾ, `MAP` ಇದೆಯಾ ಅಂತ ಕಂಡರೆ ಸಾಕು. ಎರಡೂ ಇರುವ ಕಾರುಗಳೂ ಇವೆ.

ಒಂದು ಎಚ್ಚರಿಕೆ. ಕೆಟ್ಟಿರುವುದು ಸೆನ್ಸರ್ ಆದರೆ ಫೋಟೋದಲ್ಲಿ ಅದರ ಸಾಲೇ ಸುಳ್ಳಾಗಿರುತ್ತದೆ. ಹಾಸನದ ಕಾರಿನಲ್ಲಿ `ECT -40 °C` ಕಂಡರೆ ಅದು ಚಳಿ ಅಲ್ಲ. ಕೂಲಂಟ್ ಸೆನ್ಸರಿನ ತಂತಿ ಎಲ್ಲೋ ಬಿಟ್ಟಿದೆ. ಕೆಲವು ಇಸಿಎಂ ಅಂಥ ಸಮಯದಲ್ಲಿ ತಾನೇ ಒಂದು ನಂಬಿಕೆಯ ಅಂಕಿ ಹಾಕಿಕೊಂಡು ನಡೆಸುತ್ತದೆ. ಆಗ ಫೋಟೋ ಸರಿಯಾಗಿಯೇ ಕಾಣುತ್ತದೆ. ಕೋಡ್ ಯಾವ ಸೆನ್ಸರಿನ ಮೇಲಿದೆಯೋ ಆ ಸೆನ್ಸರಿನ ಸಾಲನ್ನು ಬಿಟ್ಟು ಉಳಿದದ್ದನ್ನು ನಂಬಿ.

ಏನು ಸಿಕ್ಕಿತು

ಮೊದಲು ಮಲ್ಟಿಮೀಟರ್ ಹಿಡಿದೆವು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪಿನ ಕನೆಕ್ಟರಿನಲ್ಲಿ 13.5. ತಂತಿ ಮತ್ತು ರಿಲೇ ಸರಿ ಇವೆ. ಗೇಜ್ ಹಾಕಿದರೆ ಐಡಲ್ ಒತ್ತಡವೂ ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟೇ ಇತ್ತು. ಬಹಳ ಜನ ಇಲ್ಲಿ ನಿಲ್ಲಿಸಿ "ಪಂಪ್ ಸರಿ ಇದೆ" ಅಂದುಬಿಡುತ್ತಾರೆ. ಆದರೆ ಫೋಟೋ ಹೇಳಿದ್ದು ಐಡಲ್ ಬಗ್ಗೆ ಅಲ್ಲವಲ್ಲ. ಅಷ್ಟಕ್ಕೇ ನಿಲ್ಲಿಸುವ ಹಾಗಿರಲಿಲ್ಲ.

ಪಂಪ್ ಎಷ್ಟು ಪೆಟ್ರೋಲ್ ಕೊಡುತ್ತದೆ ಅಂತ ಅಳೆದೆವು. ಇದನ್ನು ಕಲಿಯುವವರು ಒಬ್ಬರೇ ಮಾಡಬೇಡಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬಯಲಿನಲ್ಲಿ ಮಾಡಬೇಕು, ಲೈನಿನ ಒತ್ತಡ ಮೊದಲು ಇಳಿಸಬೇಕು, ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಅಳತೆಯ ಡಬ್ಬಕ್ಕೆ ಇಳಿಸಿ ನೋಡಿದಾಗ ಪುಸ್ತಕದಲ್ಲಿ ಹೇಳಿದ್ದರ ಅರ್ಧವೂ ಬರಲಿಲ್ಲ.

ಹಿಂದಿನ ಸೀಟ್ ಎತ್ತಿ ಪಂಪ್ ಹೊರಗೆ ತೆಗೆದೆವು. ಕೆಳಗಿನ ಜರಡಿ ಕೆಂಪು ಕೆಸರಿನಿಂದ ಮುಚ್ಚಿಹೋಗಿತ್ತು. ತುಕ್ಕು. ತೋಟದವರು ಕಳೆ ಕತ್ತರಿಸುವ ಮಿಷನ್ನಿಗೆ, ಔಷಧಿ ಹೊಡೆಯುವ ಸ್ಪ್ರೇಯರಿಗೆ ಅಂತ ಹಳೇ ಕಬ್ಬಿಣದ ಡ್ರಮ್ಮಿನಲ್ಲಿ ಪೆಟ್ರೋಲ್ ಇಡುತ್ತಿದ್ದರಂತೆ. ಬಂಕಿಗೆ ಹೋಗಲು ಆಗದ ಮಳೆ ದಿನಗಳಲ್ಲಿ ಅದನ್ನೇ ಕಾರಿಗೂ ಹಾಕಿದ್ದರು. ಟ್ಯಾಂಕ್ ತೊಳೆದು, ಜರಡಿ ಮತ್ತು ಫಿಲ್ಟರ್ ಹೊಸದು ಹಾಕಿ ಮತ್ತೆ ಅಳೆದೆವು. ಪುಸ್ತಕದ ಅಳತೆ ಬಂತು. ಪಂಪ್ ಬದಲಾಯಿಸಲಿಲ್ಲ.

ಈಗ ಅಳಿಸಿ, ಆಮೇಲೆ ಫೋಟೋದ ಜಾಗಕ್ಕೇ ಹೋಗಿ

ರಿಪೇರಿ ಆದ ಮೇಲೆ ಹುಡುಗನ ಕೈಯಲ್ಲೇ `Erase Codes` ಒತ್ತಿಸಿದೆ. ಅವನು ರೆಡಿನೆಸ್ ತೆರೆದು, "ಅಣ್ಣ, ಫ್ಯೂಯಲ್ ಆಗಲೇ ಓಕೆ ತೋರಿಸ್ತಿದೆ" ಅಂದ. ಇಲ್ಲಿ ಬಹಳ ಜನ ಎಡವುತ್ತಾರೆ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಇಂಥವುಗಳ ಮಾನಿಟರ್ ಅಳಿಸಿದ ಕೂಡಲೇ `INC` ಆಗುತ್ತದೆ, ಪರೀಕ್ಷೆ ಮುಗಿದ ಮೇಲೆ `OK` ಆಗುತ್ತದೆ. ಅಲ್ಲಿ ರೆಡಿನೆಸ್ ನಂಬಬಹುದು. ಆದರೆ ಮಿಸ್‌ಫೈರ್ ಮತ್ತು ಫ್ಯೂಯಲ್ ಪರೀಕ್ಷೆಗಳು ಇಂಜಿನ್ ಓಡುವಷ್ಟೂ ಹೊತ್ತು ನಡೆಯುವಂಥವು. ಅವು ಬಹುಮಟ್ಟಿಗೆ ಯಾವಾಗಲೂ `OK` ಅಂತಲೇ ಇರುತ್ತವೆ. `P0171` ವಾಸಿಯಾಗಿದೆಯಾ ಅಂತ ಆ `OK` ಹೇಳುವುದಿಲ್ಲ.

ಹಾಗಾದರೆ ಯಾವುದು ಹೇಳುತ್ತದೆ? ಫ್ರೀಜ್ ಫ್ರೇಮಿನ ಸ್ಥಿತಿಗೇ ಇಂಜಿನ್ನನ್ನು ಮತ್ತೆ ತಂದು, ಆಗ ಪೆಂಡಿಂಗ್ ಬರುತ್ತದಾ ನೋಡುವುದು. ಅಳಿಸುವ ಮುಂಚೆ ತೆಗೆದ ಫೋಟೋ ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ಆರ್‌ಪಿಎಂ 2750ರಿಂದ 3500, ಲೋಡ್ 60ರ ಮೇಲೆ, ಇಂಜಿನ್ ಬಿಸಿ. ಹಾಸನದ ರಿಂಗ್ ರಸ್ತೆಯಲ್ಲಿ ಇದು ಸಿಗುವುದಿಲ್ಲ. ತೋಟದವರನ್ನೂ ಕೂರಿಸಿಕೊಂಡು ಗುಂಡ್ಯದ ತನಕ ಇಳಿದು ವಾಪಸ್ ಹತ್ತಿದೆವು. ನಾನು ಓಡಿಸಿದೆ, ಹುಡುಗ ಪಕ್ಕದಲ್ಲಿ ಕೂತು ಓದಿದ. ಸ್ಕ್ಯಾನರ್ ನೋಡುತ್ತಾ ಯಾರೂ ಘಾಟಿಯಲ್ಲಿ ಗಾಡಿ ಓಡಿಸಬಾರದು. ಎರಡನೇ ಗೇರ್, 3100 ಆರ್‌ಪಿಎಂ, ಲೋಡ್ 80 ಇದ್ದಾಗ ಶಾರ್ಟ್ 2.3, ಲಾಂಗ್ 3.9. ದೋಣಿಗಾಲಿನಲ್ಲಿ ನಿಲ್ಲಿಸಿ ಪೆಂಡಿಂಗ್ ತೆರೆದೆವು. ಖಾಲಿ. ಈ ಸಲದ ಖಾಲಿಗೂ ಮೊದಲ ದಿನದ ಖಾಲಿಗೂ ಇರುವ ವ್ಯತ್ಯಾಸ ಹುಡುಗನಿಗೆ ಆಗ ತಿಳಿಯಿತು.

ಪರ್ಮನೆಂಟ್ ಪಟ್ಟಿ

ಇದನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ, ಈ ಕಾರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ.

ಅಮೆರಿಕದಲ್ಲಿ ಹೊಗೆ ಪರೀಕ್ಷೆಗೆ ಹೋಗುವ ಮುಂಚೆ ಕೋಡ್ ಅಳಿಸಿಕೊಂಡು ಹೋಗುವವರು ಜಾಸ್ತಿ ಇದ್ದರು. ಅದನ್ನು ತಡೆಯಲು 2010ರ ಮಾಡೆಲಿನ ಹೊತ್ತಿನಿಂದ ಅಲ್ಲಿನ ಕಾರುಗಳಿಗೆ ಪರ್ಮನೆಂಟ್ ಕೋಡ್ ತಂದರು. ಕೋಡ್ ಲೈಟ್ ಹಾಕಿದಾಗ ಅದರ ಒಂದು ಪ್ರತಿ ಈ ಪಟ್ಟಿಗೂ ಹೋಗುತ್ತದೆ. ಸ್ಕ್ಯಾನರ್ ಒತ್ತಿದರೂ, ಬ್ಯಾಟರಿ ಬಿಚ್ಚಿದರೂ ಇದು ಹೋಗುವುದಿಲ್ಲ. ಇಸಿಎಂ ತಾನೇ ಆ ಪರೀಕ್ಷೆ ನಡೆಸಿ, ಪಾಸಾಗಿದೆ ಅಂತ ಒಪ್ಪಿದರೆ ಮಾತ್ರ ತೆಗೆಯುತ್ತದೆ. ಹೆಸರು ಪರ್ಮನೆಂಟ್ ಆದರೂ ಶಾಶ್ವತ ಅಲ್ಲ. ಸ್ಟೋರ್ಡ್ ಖಾಲಿ, ಪರ್ಮನೆಂಟ್‌ನಲ್ಲಿ ಮಾತ್ರ ಕೋಡ್ ಇದ್ದರೆ ಅರ್ಥ ಇಷ್ಟೇ: ಯಾರೋ ಅಳಿಸಿದ್ದಾರೆ, ಇಸಿಎಂ ಇನ್ನೂ ಒಪ್ಪಿಲ್ಲ. ರಿಪೇರಿ ಆಗಿರಬಹುದು, ಆಗದೆಯೂ ಇರಬಹುದು. ಹಳೇ ಕಾರು ಕೊಳ್ಳುವಾಗ ಇದು ತುಂಬಾ ಉಪಯೋಗದ ಪಟ್ಟಿ. ಗಿರಾಕಿಗೆ "ಇದು ಅಳಿಸಲಾಗದ ಕೋಡ್, ಇಸಿಎಂ ಹೊಸದು ಹಾಕಬೇಕು" ಅಂತ ಮಾತ್ರ ಎಂದೂ ಹೇಳಬೇಡಿ.

ನಮ್ಮ ಕಡೆ ಓಡುವ ಬಹಳ ಕಾರುಗಳಲ್ಲಿ ಈ ಸೌಲಭ್ಯ ಇಲ್ಲ. ತೊಂದರೆ ಏನೆಂದರೆ, ಕೆಲವು ಅಗ್ಗದ ಸ್ಕ್ಯಾನರ್ ಕಾರು ಉತ್ತರ ಕೊಡದಿದ್ದರೂ "ಕೋಡ್ ಇಲ್ಲ" ಅಂತಲೇ ತೋರಿಸುತ್ತವೆ. ನಿಮ್ಮ ಹತ್ತಿರ ELM327 ಬ್ಲೂಟೂತ್ ಅಡಾಪ್ಟರ್ ಮತ್ತು ಟರ್ಮಿನಲ್ ಇರುವ ಆ್ಯಪ್ ಇದ್ದರೆ ನೇರವಾಗಿ ಕೇಳಿ ನೋಡಬಹುದು:

```
>03
43 01 01 71
>0A
NO DATA
```

`03` ಅಂದರೆ ಸ್ಟೋರ್ಡ್ ಕೋಡ್ ಕೊಡು ಅಂತ. ಉತ್ತರದಲ್ಲಿ `01` ಅಂದರೆ ಒಂದು ಕೋಡ್, `01 71` ಅಂದರೆ `P0171`. ಪೆಂಡಿಂಗ್ ಕೇಳಲು `07`. ಪರ್ಮನೆಂಟ್ ಕೇಳಲು `0A`. ಅದಕ್ಕೆ `4A 00` ಬಂದರೆ ಪಟ್ಟಿ ನಿಜವಾಗಿ ಖಾಲಿ. `NO DATA` ಬಂದರೆ ಕಾರಿಗೆ ಆ ಪ್ರಶ್ನೆಯೇ ಗೊತ್ತಿಲ್ಲ. ಅಂಥ ಕಾರಿನಲ್ಲಿ ನಾವು ಮೊದಲ ದಿನ ನೋಡಿದ ಎರಡು ಸಾಲುಗಳೇ ಗತಿ: ಅಳಿಸಿ ಎಷ್ಟು ಕಿಲೋಮೀಟರ್ ಆಯಿತು, ಇಂಜಿನ್ ಎಷ್ಟು ಸಲ ಬಿಸಿಯಾಯಿತು.

ಮೂರು ವಾರ ಬಿಟ್ಟು ತೋಟದವರು ಆಯಿಲ್ ಬದಲಾಯಿಸಲು ಬಂದರು. ಹುಡುಗ ಕೇಳದೆಯೇ ಸ್ಕ್ಯಾನರ್ ಹಾಕಿ ಆ ಎರಡು ಸಾಲನ್ನು ಮೊದಲು ತೆರೆದ. ಅಳಿಸಿ 870 ಕಿಲೋಮೀಟರ್, ಬಿಸಿಯಾಗಿದ್ದು 33 ಸಲ. ಆಮೇಲೆ ಸ್ಟೋರ್ಡ್ ನೋಡಿದ, ಪೆಂಡಿಂಗ್ ನೋಡಿದ, ಎರಡೂ ಖಾಲಿ. "ಸರ್, ಈ ನಡುವೆ ಘಾಟಿ ಹತ್ತಿದ್ರಾ?" ಅಂತ ಕೇಳಿದ. ಎರಡು ಸಲ ಅಂದರು. ಜಾಬ್ ಕಾರ್ಡಿನಲ್ಲಿ ಅದನ್ನೂ ಬರೆದುಕೊಂಡ.